ಗರಗರ ಅಂದಿದ್ದು ಕಂಪ್ರೆಸರ್, ಕಟ್ಟಿಕೊಂಡಿದ್ದು ಡ್ರೈಯರ್

ಇವತ್ತಿನ ಮಾತು ಕಾರಿನ ಎ.ಸಿ. ಬಗ್ಗೆ. ನಿಮ್ಮಲ್ಲಿ ತುಂಬಾ ಜನ ಈಗಷ್ಟೇ ಲೈಸೆನ್ಸ್ ತಗೊಂಡು, ಪಾರ್ಟ್ ಟೈಮ್ ಕೆಲಸದ ದುಡ್ಡಲ್ಲಿ ಜಪಾನಿನಿಂದ ಬಂದ ಒಂದು ಹಳೇ ಕಾರು ಕೊಂಡಿರುತ್ತೀರಿ. ಅಂಥವರಿಗೆ ಈ ಕಥೆ ಉಪಯೋಗಕ್ಕೆ ಬಂದೀತು. ನಾನು ಬೆಂಗಳೂರಿನ ಜೆ.ಸಿ. ರೋಡಿನ ಹತ್ತಿರ ಒಂದು ಗ್ಯಾರೇಜಿನಲ್ಲಿ ಈ ಕೆಲಸ ಕಲಿತವನು. ಆಕ್ಲೆಂಡಿಗೆ ಬಂದ ಮೇಲೂ ಅದೇ ಕೆಲಸ ಮಾಡಿಕೊಂಡಿದ್ದೇನೆ.

ನಮ್ಮ ಮೌಂಟ್ ರಾಸ್ಕಿಲ್‌ನಲ್ಲಿ ನನ್ನ ಸ್ನೇಹಿತರೊಬ್ಬರ ಮನೆ ಇದೆ. ಅವರ ಮಗ ಯೂನಿವರ್ಸಿಟಿಯಲ್ಲಿ ಓದುತ್ತಾನೆ. ಶನಿವಾರ ಬಂದರೆ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ಟಾಡರ್ಡ್ ರೋಡಿಗೆ ಹೋಗಿ ದಿನಸಿ, ತರಕಾರಿ ತರುವುದು ಅವನ ಕೆಲಸ. ಹೋದ ಡಿಸೆಂಬರಿನಲ್ಲಿ ಒಂದು ದಿನ ಅಜ್ಜಿ ಕೇಳಿದರಂತೆ, "ಏನೋ ಇದು, ನಿನ್ನ ಕಾರು ಕಾಫಿ ಪುಡಿ ಮಾಡೋ ಮಿಷನ್ ಥರ ಗರಗರ ಅಂತಿದೆ?" ಎ.ಸಿ. ಹಾಕಿದಾಗ ಮಾತ್ರ ಆ ಸದ್ದು. ತಣ್ಣನೆ ಗಾಳಿಯೂ ಮೊದಲಿನಷ್ಟು ಬರುತ್ತಿರಲಿಲ್ಲ.

ಹುಡುಗ ಒಂದು ಕಡೆ ತೋರಿಸಿದ. "ಗ್ಯಾಸ್ ಕಡಿಮೆ ಆಗಿರಬೇಕು" ಎಂದು ಹೇಳಿ ಸ್ವಲ್ಪ ಗ್ಯಾಸ್ ತುಂಬಿ ಕಳಿಸಿದರು. ಎರಡೇ ವಾರದಲ್ಲಿ ಸದ್ದು ಜೋರಾಯಿತು. ಕಂಪ್ರೆಸರ್ ಹೋಗಿದೆ ಅಂದರು. ಅವನು ಹಳೆ ಕಾರು ಒಡೆಯುವವರ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಹುಡುಕಿ ತಂದು ಹಾಕಿಸಿದ. ಇಷ್ಟಕ್ಕೆ ಸುಮಾರು 700 ಡಾಲರ್ ಖರ್ಚಾಯಿತು. ಆರು ವಾರ ಕಳೆಯುವಷ್ಟರಲ್ಲಿ ಹೊಸದಾಗಿ ಹಾಕಿದ ಕಂಪ್ರೆಸರಿನಿಂದಲೂ ಅದೇ ಗರಗರ. ಮಾರ್ಚಿನಲ್ಲಿ ಕಾರು ನನ್ನ ಹತ್ತಿರ ಬಂತು.

"ಅಂಕಲ್, ಇನ್ನೊಂದು ಕಂಪ್ರೆಸರ್ ಹುಡುಕಲಾ?" ಎಂದು ಕೇಳಿದ.

"ಬೇಡ ಕಣೋ. ಎರಡು ಕಂಪ್ರೆಸರ್ ಒಂದೇ ಥರ ಸತ್ತಿವೆ ಅಂದ್ರೆ, ಸಾಯಿಸ್ತಾ ಇರೋದು ಬೇರೆ ಏನೋ ಇದೆ. ಮೊದಲು ಅದನ್ನ ಹುಡುಕೋಣ" ಅಂದೆ.

ಆ 'ಬೇರೆ ಏನೋ' ಯಾವುದು ಎಂದು ಅರ್ಥವಾಗಬೇಕಾದರೆ ಗ್ಯಾಸ್ ಓಡಾಡುವ ದಾರಿ ಒಂದಿಷ್ಟು ಗೊತ್ತಿರಬೇಕು. ಕಂಪ್ರೆಸರ್ ಎನ್ನುವುದು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು. ಅದು ಗ್ಯಾಸನ್ನು ಒತ್ತಿ, ಬಿಸಿ ಮಾಡಿ, ಕಾರಿನ ಮೂತಿಯಲ್ಲಿ ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಹೊರಗಿನ ಗಾಳಿ ತಗುಲಿ ಗ್ಯಾಸ್ ತಣಿದು ದ್ರವವಾಗುತ್ತದೆ. ಆ ದ್ರವ ರಿಸೀವರ್ ಡ್ರೈಯರ್ ಎಂಬ ಸಣ್ಣ ಡಬ್ಬಿಗೆ ಬರುತ್ತದೆ. ಹೊಸ ಶೂ ಡಬ್ಬಿಯಲ್ಲಿ ತೇವ ಹೀರಲು ಒಂದು ಪುಟ್ಟ ಪೊಟ್ಟಣ ಇಟ್ಟಿರುತ್ತಾರಲ್ಲ, ಅಂಥದ್ದೇ ಕಾಳುಗಳ ಚೀಲ ಈ ಡಬ್ಬಿಯೊಳಗೆ ಇರುತ್ತದೆ. ಜೊತೆಗೆ ಒಂದು ಜಾಲರಿಯೂ ಇರುತ್ತದೆ. ನೀರಿನ ಪಸೆಯನ್ನು ಕಾಳು ಹೀರುತ್ತದೆ, ಕಸವನ್ನು ಜಾಲರಿ ಹಿಡಿಯುತ್ತದೆ. ಅಲ್ಲಿಂದ ದ್ರವ ಎಕ್ಸ್‌ಪ್ಯಾನ್ಷನ್ ವಾಲ್ವಿಗೆ ಹೋಗುತ್ತದೆ. ಅದೊಂದು ಬಹಳ ಸಣ್ಣ ಕಿಂಡಿ. ಅದನ್ನು ದಾಟಿದ ಕೂಡಲೇ ಒತ್ತಡ ಥಟ್ಟನೆ ಇಳಿದು, ದ್ರವ ಕುದಿಯತೊಡಗಿ, ಡ್ಯಾಶ್‌ಬೋರ್ಡಿನ ಹಿಂದಿರುವ ಇವ್ಯಾಪೊರೇಟರನ್ನು ತಣ್ಣಗೆ ಮಾಡುತ್ತದೆ. ಕೊನೆಗೆ ಮತ್ತೆ ಗ್ಯಾಸಾಗಿ ಕಂಪ್ರೆಸರಿಗೇ ವಾಪಸು ಬರುತ್ತದೆ.

ಈಗ ಮುಖ್ಯವಾದ ಮಾತು. ಎಂಜಿನ್ ಆಯಿಲ್ ನೋಡಲು ಕಡ್ಡಿ ಇರುವ ಹಾಗೆ ಕಾರಿನ ಎ.ಸಿ. ಕಂಪ್ರೆಸರಿಗೆ ಸಾಮಾನ್ಯವಾಗಿ ಕಡ್ಡಿ ಇರುವುದಿಲ್ಲ. ಅದರ ಎಣ್ಣೆ ಒಂದೇ ಕಡೆ ನಿಂತಿರುವುದೂ ಇಲ್ಲ. ಒಂದು ಸಣ್ಣ ಕಾರಿನ ಇಡೀ ಎ.ಸಿ.ಯಲ್ಲಿ ಇರುವುದು ಸುಮಾರು 100ರಿಂದ 150 ಮಿಲಿ ಎಣ್ಣೆ. ಒಂದು ಸಣ್ಣ ಕಾಫಿ ಲೋಟದಷ್ಟು ಅಂದುಕೊಳ್ಳಿ. ಆ ಎಣ್ಣೆ ಗ್ಯಾಸಿನ ಜೊತೆ ಬೆರೆತು ಊರೆಲ್ಲ ಸುತ್ತಿ ಮತ್ತೆ ಕಂಪ್ರೆಸರಿಗೆ ಬರಬೇಕು. ಗ್ಯಾಸ್ ಸರಿಯಾಗಿ ಹರಿದರೆ ಎಣ್ಣೆಯೂ ಬರುತ್ತದೆ. ಗ್ಯಾಸಿನ ದಾರಿ ಕಟ್ಟಿಕೊಂಡರೆ ಎಣ್ಣೆ ಕಂಡೆನ್ಸರಿನಲ್ಲೋ ಇವ್ಯಾಪೊರೇಟರಿನಲ್ಲೋ ಕೂತುಬಿಡುತ್ತದೆ. ಕಂಪ್ರೆಸರ್ ಮಾತ್ರ ಒಣಗಿಕೊಂಡು ತಿರುಗುತ್ತಿರುತ್ತದೆ. ಸಾಲದ್ದಕ್ಕೆ ಕಂಪ್ರೆಸರನ್ನು ತಂಪಾಗಿಡುವುದೂ ವಾಪಸು ಬರುವ ಆ ತಣ್ಣನೆ ಗ್ಯಾಸೇ. ಅದೂ ಬರದಿದ್ದರೆ ಬಿಸಿ ಏರುತ್ತದೆ, ಲೋಹ ಲೋಹವನ್ನು ಉಜ್ಜುತ್ತದೆ. ಅಜ್ಜಿಗೆ ಕೇಳಿಸಿದ ಗರಗರ ಅದು.

ಅಂದರೆ ಎಣ್ಣೆ ಕಡಿಮೆ ಎನ್ನುವುದಕ್ಕೆ ಎರಡು ಅರ್ಥ ಇದೆ. ಒಂದು, ಎಲ್ಲೋ ಸೋರಿ ಎಣ್ಣೆ ನಿಜವಾಗಿಯೂ ಹೊರಗೆ ಹೋಗಿದೆ. ಸೋರಿದ ಜಾಗದಲ್ಲಿ ಧೂಳು ಹಿಡಿದ ಜಿಡ್ಡು ಕಲೆ ಕಾಣುತ್ತದೆ. ಇನ್ನೊಂದು, ಎಣ್ಣೆ ಒಳಗೇ ಇದೆ, ಆದರೆ ಕಂಪ್ರೆಸರಿಗೆ ತಲುಪುತ್ತಿಲ್ಲ. ಈ ಎರಡನೆಯದಕ್ಕೆ ಮೇಲಿನಿಂದ ಎಣ್ಣೆ ಸುರಿದರೆ ಉಪಯೋಗವಿಲ್ಲ. ಹೆಚ್ಚಾದ ಎಣ್ಣೆ ಇವ್ಯಾಪೊರೇಟರಿನ ಒಳಗೋಡೆಗೆ ಬಳಿದುಕೊಂಡು ತಂಪು ಇನ್ನಷ್ಟು ಕಡಿಮೆಯಾಗುತ್ತದೆ, ಅಷ್ಟೇ.

ಹುಡುಗನ ಕಾರಿಗೆ ಬರೋಣ. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡಿದೆವು. ಈ ಪರೀಕ್ಷೆ ನೀವೂ ಮಾಡಬಹುದು. ಕೈ, ಕೂದಲು, ದುಪಟ್ಟ ಯಾವುದೂ ಬೆಲ್ಟು ಮತ್ತು ಫ್ಯಾನಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಬಾನೆಟ್ ತೆಗೆದು ಎಂಜಿನ್ ಸುಮ್ಮನೆ ಓಡಲು ಬಿಡಿ. ಒಳಗೆ ಒಬ್ಬರು ಕೂತು ಎ.ಸಿ. ಬಟನ್ ಒತ್ತಿ ತೆಗೆದು ಮಾಡಲಿ. ಒತ್ತಿದ ಕೂಡಲೇ ಒಮ್ಮೆ 'ಟಕ್' ಅಂದರೆ ಅದು ಕ್ಲಚ್ ಹಿಡಿದ ಸದ್ದು, ಸಹಜ. ಎ.ಸಿ. ಆಫ್ ಇದ್ದಾಗಲೂ ಗುಂಯ್ ಎಂಬ ಸದ್ದು ಇದ್ದು, ಎ.ಸಿ. ಹಾಕಿದಾಗ ಅದು ನಿಂತರೆ ಅಥವಾ ಬದಲಾದರೆ, ಅನುಮಾನ ಪುಲ್ಲಿಯ ಬೇರಿಂಗಿನ ಮೇಲೆ. ಅದು ಬೇರೆಯೇ ಕಥೆ, ಖರ್ಚೂ ಕಡಿಮೆ. ಕ್ಲಚ್ ಹಿಡಿದ ಮೇಲೆ ಮಾತ್ರ ಗರಗರ ಶುರುವಾಗಿ, ಬಿಟ್ಟ ಕೂಡಲೇ ನಿಂತರೆ, ಸದ್ದು ಕಂಪ್ರೆಸರಿನ ಹೊಟ್ಟೆಯೊಳಗಿನದು. ಎಂಜಿನ್ ನಿಲ್ಲಿಸಿದ ಮೇಲೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಸ್ವಲ್ಪ ಹೊತ್ತು ಬರುವ 'ಸ್ಸ್' ಎಂಬ ಸದ್ದಿಗೆ ಹೆದರಬೇಡಿ. ಎರಡೂ ಕಡೆಯ ಒತ್ತಡ ಸಮವಾಗುವಾಗ ವಾಲ್ವು ಮಾಡುವ ಸದ್ದು ಅದು. ಕೆಲವು ಹೊಸ ಕಾರುಗಳಲ್ಲಿ ಕ್ಲಚ್ಚೇ ಇರುವುದಿಲ್ಲ. ಅವುಗಳಲ್ಲಿ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ನಮ್ಮ ಹುಡುಗನ ಕಾರಿನಲ್ಲಿ ಸದ್ದು ಕ್ಲಚ್ ಹಿಡಿದ ಮೇಲೆ ಮಾತ್ರ ಬರುತ್ತಿತ್ತು. ಆಮೇಲೆ ಗೇಜು ಹಾಕಿದೆ. ಎ.ಸಿ.ಗೆ ಎರಡು ಗೇಜು. ವಾಪಸು ಬರುವ ಕಡೆಯದು ಲೋ ಸೈಡ್, ಒತ್ತಿ ಕಳಿಸುವ ಕಡೆಯದು ಹೈ ಸೈಡ್. ಅವತ್ತು ಹೊರಗೆ 22 ಡಿಗ್ರಿ ಇತ್ತು. ಅಂಥ ಹವೆಯಲ್ಲಿ ಆರ್-134ಎ ಗ್ಯಾಸಿನ ಒಂದು ಆರೋಗ್ಯವಂತ ಎ.ಸಿ. ಲೋ ಸೈಡಿನಲ್ಲಿ ಸುಮಾರು 30 ಪಿಎಸ್‌ಐ, ಹೈ ಸೈಡಿನಲ್ಲಿ ಸುಮಾರು 150ರಿಂದ 180 ತೋರಿಸುತ್ತದೆ. ಈ ಕಾರಿನಲ್ಲಿ ಲೋ ಸೈಡ್ 5ಕ್ಕೆ ಇಳಿದು ಇನ್ನೂ ಕೆಳಗೆ ಜಾರುತ್ತಿತ್ತು. ಹೈ ಸೈಡ್ 110ರ ಹತ್ತಿರ ನಿಂತಿತ್ತು.

ಮೊದಲ ಗ್ಯಾರೇಜು ಎಡವಿದ್ದು ಬಹುಶಃ ಇಲ್ಲೇ. ಎರಡೂ ಕಡೆ ಒತ್ತಡ ಕಡಿಮೆ ಅಂದರೆ ಗ್ಯಾಸ್ ಕಡಿಮೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ದಾರಿ ಕಟ್ಟಿಕೊಂಡಾಗಲೂ ಗೇಜು ಹೆಚ್ಚು ಕಡಿಮೆ ಇದನ್ನೇ ತೋರಿಸುತ್ತದೆ. ದ್ರವವೆಲ್ಲ ಡ್ರೈಯರಿನಲ್ಲೂ ಕಂಡೆನ್ಸರಿನಲ್ಲೂ ನಿಂತುಬಿಡುತ್ತದೆ. ಇವ್ಯಾಪೊರೇಟರಿಗೆ ಹೋಗುವುದು ತೊಟ್ಟು ತೊಟ್ಟು. ಕಂಪ್ರೆಸರ್ ಎಳೆಯುತ್ತದೆ, ಎಳೆಯಲು ಏನೂ ಬರುವುದಿಲ್ಲ. ಬಾವಿಯ ಪಂಪಿನ ಫುಟ್‌ವಾಲ್ವಿಗೆ ಕಸ ಸಿಕ್ಕಿದ ಹಾಗೆ. ನೀರಿದೆ, ಆದರೆ ಪಂಪಿಗೆ ಬರುತ್ತಿಲ್ಲ.

ಹಾಗಾದರೆ ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಒಂದೇ ದಾರಿ, ತೂಕ ಮಾಡುವುದು. ಬಾನೆಟ್ಟಿನ ಕೆಳಗೆ ಒಂದು ಸ್ಟಿಕ್ಕರ್ ಇರುತ್ತದೆ. ಯಾವ ಗ್ಯಾಸು, ಎಷ್ಟು ಗ್ರಾಂ ಎಂದು ಅದರಲ್ಲಿ ಬರೆದಿರುತ್ತಾರೆ. ಈ ಕಾರಿಗೆ 450 ಗ್ರಾಂ. ನನ್ನ ಮೆಷಿನ್ನಿಗೆ ಗ್ಯಾಸೆಲ್ಲ ಎಳೆದುಕೊಂಡು ತೂಕ ನೋಡಿದರೆ 520 ಗ್ರಾಂ ಬಂತು. ಕಡಿಮೆ ಇರುವುದಿರಲಿ, ಹೆಚ್ಚೇ ಇತ್ತು. ಡಿಸೆಂಬರಿನಲ್ಲಿ ಗೇಜು ನೋಡಿ ತುಂಬಿಸಿದ್ದರು. ಕಂಪ್ರೆಸರ್ ಬದಲಿಸಿದಾಗಲೂ ಸ್ಟಿಕ್ಕರ್ ನೋಡದೆ ಮುಳ್ಳನ್ನೇ ನೋಡಿಕೊಂಡು ತುಂಬಿಸಿರಬೇಕು.

ಗ್ಯಾಸ್ ಎಳೆಯುವ ಮೊದಲೇ ಇನ್ನೊಂದು ಪರೀಕ್ಷೆ ಮಾಡಿದ್ದೆ. ಡ್ರೈಯರಿಗೆ ಒಳಗೆ ಹೋಗುವ ಪೈಪು, ಹೊರಗೆ ಬರುವ ಪೈಪು, ಎರಡಕ್ಕೂ ಥರ್ಮಾಮೀಟರ್ ಹಿಡಿದೆ. ಇವೆರಡೂ ಒಂದೇ ಬಿಸಿ ಇರಬೇಕು, ಏಕೆಂದರೆ ಡ್ರೈಯರಿನ ಕೆಲಸ ಸೋಸುವುದು, ತಣಿಸುವುದಲ್ಲ. ಇಲ್ಲಿ ಒಳಗೆ ಹೋಗುವಾಗ 31 ಡಿಗ್ರಿ ಇತ್ತು, ಹೊರಗೆ ಬರುವಾಗ 14. ಹೊರ ಪೈಪಿನ ಮೇಲೆ ನೀರಿನ ಹನಿ ಕೂತಿತ್ತು. ಅಂದರೆ ಎಕ್ಸ್‌ಪ್ಯಾನ್ಷನ್ ವಾಲ್ವು ಮಾಡಬೇಕಾದ ಕೆಲಸ ಡ್ರೈಯರಿನ ಒಳಗೇ ನಡೆಯುತ್ತಿತ್ತು. ಕಟ್ಟಿಕೊಂಡ ಜಾಗದಲ್ಲೇ ಕಿಂಡಿಯಾಗಿತ್ತು. ಹುಡುಗನ ಬೆರಳನ್ನು ಆ ಪೈಪಿನ ಮೇಲೆ ಇಡಿಸಿದೆ. "ಓ, ಇಲ್ಲೇ ಕೋಲ್ಡ್ ಆಗ್ತಿದೆ, ಒಳಗೆ ಹೋಗ್ತಾನೇ ಇಲ್ಲ" ಅಂದ. ಅಷ್ಟು ಅರ್ಥವಾದರೆ ಸಾಕು. ಅದೇ ರೀತಿ ಕಂಪ್ರೆಸರಿಗೆ ವಾಪಸು ಬರುವ ದಪ್ಪ ಪೈಪು ಮುಟ್ಟಿದರೆ ತಣ್ಣಗಿರಬೇಕಿತ್ತು. ಅದು ಉಗುರು ಬೆಚ್ಚಗಿತ್ತು.

ವಾಲ್ವಿಗೆ ಮಾತ್ರ ಈ ಪರೀಕ್ಷೆ ಹಾಗೇ ಹಾಕಬೇಡಿ. ಅದರ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಇರುವುದೇ ಸರಿ. ವಾಲ್ವು ಕೆಟ್ಟಿರುವುದಕ್ಕೆ ಒಂದು ಬೇರೆ ಗುರುತು ಇದೆ. ಡ್ರೈಯರಿನ ಕಾಳುಗಳು ತೇವ ಹೀರಿ ಹೀರಿ ತುಂಬಿಹೋಗಿದ್ದರೆ, ಉಳಿದ ನೀರಿನ ಪಸೆ ವಾಲ್ವಿನ ಕಿಂಡಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಹತ್ತು ನಿಮಿಷ ಚೆನ್ನಾಗಿ ತಂಪು ಬರುತ್ತದೆ, ಆಮೇಲೆ ಬಿಸಿ ಗಾಳಿ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ತಂಪು. ಗೇಜಿನಲ್ಲಿ ಲೋ ಸೈಡ್ ಒಮ್ಮೆ ಸರಿಯಾಗಿ ಇರುತ್ತದೆ, ಒಮ್ಮೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹೀಗೆ ಬಂದು ಹೋಗಿ ಆದರೆ ನೀರಿನ ಮೇಲೆ ಅನುಮಾನ. ಯಾವಾಗಲೂ ಒಂದೇ ಥರ ಕೆಟ್ಟಿದ್ದರೆ ಕಸದ ಮೇಲೆ ಅನುಮಾನ.

ಬಿಚ್ಚಿ ನೋಡಿದೆವು. ಆ ಸೆಕೆಂಡ್ ಹ್ಯಾಂಡ್ ಕಂಪ್ರೆಸರನ್ನು ಬೋರಲು ಹಾಕಿ, ಶಾಫ್ಟ್ ತಿರುಗಿಸಿ, ಎಣ್ಣೆಯನ್ನು ಅಳತೆಯ ಲೋಟಕ್ಕೆ ಇಳಿಸಿದರೆ ಬಂದಿದ್ದು 15 ಮಿಲಿ. ಈ ಕಾರಿನ ಒಟ್ಟು ಅಳತೆ 120. ಒಳ್ಳೆಯ ಎಣ್ಣೆ ತಿಳಿಯಾಗಿ ಇರುತ್ತದೆ. ಇದು ಬೂದಿ ಬಣ್ಣಕ್ಕಿತ್ತು, ಬಿಸಿಲಿಗೆ ಹಿಡಿದರೆ ಮಿಣ ಮಿಣ ಅನ್ನುತ್ತಿತ್ತು. ಆ ಮಿಣುಕು ಸವೆದ ಲೋಹದ ಪುಡಿ. ಡ್ರೈಯರಿನ ಡಬ್ಬಿ ಕೊಯ್ದಾಗ ಒಳಗಿನ ಚೀಲ ಹರಿದಿತ್ತು. ಕಾಳುಗಳು ಒಡೆದು, ಲೋಹದ ಪುಡಿಯ ಜೊತೆ ಸೇರಿ ಜಾಲರಿಯ ಮೇಲೆ ಕೆಸರಿನಂತೆ ಮೆತ್ತಿಕೊಂಡಿದ್ದವು. ಅಲ್ಲಿಂದ ನುಸುಳಿದ್ದು ವಾಲ್ವಿನ ಬಾಯಿಯಲ್ಲೂ ಕೂತಿತ್ತು.

ಇದೆಲ್ಲ ಎಲ್ಲಿ ಶುರುವಾಯಿತು ಎಂದು ಹುಡುಗನ ಹತ್ತಿರ ಹಳೆಯ ಬಿಲ್ಲು ಕೇಳಿದೆ. ಎರಡು ವರ್ಷದ ಹಿಂದೆ ಕಾರಿನ ಮುಂಭಾಗಕ್ಕೆ ಪೆಟ್ಟಾಗಿ ಬಂಪರ್ ಮತ್ತು ಕಂಡೆನ್ಸರ್ ಬದಲಿಸಿದ್ದರು. ಬಿಲ್ಲಿನಲ್ಲಿ ಡ್ರೈಯರಿನ ಹೆಸರೇ ಇಲ್ಲ. ಕಾರು ಹತ್ತು ದಿನ ಅಲ್ಲಿತ್ತಂತೆ. ಅಷ್ಟು ದಿನ ಪೈಪಿನ ಬಾಯಿ ತೆರೆದಿದ್ದರೆ, ಆಕ್ಲೆಂಡಿನ ಈ ತೇವದ ಹವೆಯಲ್ಲಿ ಆ ಕಾಳುಗಳು ಹೀರಬೇಕಾದ್ದನ್ನೆಲ್ಲ ಅವತ್ತೇ ಹೀರಿ ಮುಗಿಸಿರುತ್ತವೆ. ಎ.ಸಿ. ದಾರಿಯನ್ನು ಬಿಚ್ಚಿದಾಗ ಡ್ರೈಯರ್ ಹೊಸದು ಹಾಕಬೇಕು ಎನ್ನುವುದು ಇದಕ್ಕೇ. ಅದು ಇಡೀ ಎ.ಸಿ.ಯಲ್ಲಿ ಅಗ್ಗದ ಭಾಗಗಳಲ್ಲಿ ಒಂದು. ಆಮೇಲೆ ಮೊದಲ ಕಂಪ್ರೆಸರ್ ಸವೆಯಿತು, ಅದರ ಪುಡಿ ಡ್ರೈಯರನ್ನು ಕಟ್ಟಿತು. ಕಟ್ಟಿದ ಡ್ರೈಯರ್ ಎರಡನೆಯ ಕಂಪ್ರೆಸರಿಗೆ ಎಣ್ಣೆ ತಪ್ಪಿಸಿತು. ಕಂಪ್ರೆಸರ್ ಮಾತ್ರ ಬದಲಿಸಿದ್ದು ಅಂದರೆ, ಡಿಕಾಕ್ಷನ್ ಇಳಿಯುತ್ತಿಲ್ಲ ಎಂದು ಫಿಲ್ಟರಿನ ತೂತು ನೋಡದೆ ಒಲೆ ಬದಲಿಸಿದ ಹಾಗೆ.

ರಿಪೇರಿಯಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ, ಮುಂದೆ ನೀವು ಯಾರ ಹತ್ತಿರ ಹೋದರೂ ಕೇಳಲು ಗೊತ್ತಿರಲಿ. ಹೋಸ್‌ಗಳನ್ನೂ ಇವ್ಯಾಪೊರೇಟರನ್ನೂ ದ್ರಾವಣದಿಂದ ತೊಳೆದು, ಒಣ ನೈಟ್ರೊಜನ್ ಊದಿ ಒಣಗಿಸಿದೆ. ಕಂಡೆನ್ಸರನ್ನು ಬದಲಿಸಿದೆ. ಈಗಿನ ಕಂಡೆನ್ಸರುಗಳ ಒಳದಾರಿ ಕೂದಲೆಳೆಯಷ್ಟು ಸಣ್ಣದು. ಲೋಹದ ಪುಡಿ ಹೊಕ್ಕರೆ ಪೂರ್ತಿ ತೊಳೆಯಲು ಬರುವುದಿಲ್ಲ, ಮೂರನೆಯ ಕಂಪ್ರೆಸರಿಗೂ ಅದೇ ಗತಿ ಬರುತ್ತದೆ. ಡ್ರೈಯರ್ ಹೊಸದು, ವಾಲ್ವು ಹೊಸದು, ಜೋಡಣೆಯ ರಬ್ಬರ್ ಉಂಗುರಗಳೆಲ್ಲ ಹೊಸವು, ಕಂಪ್ರೆಸರ್ ಹೊಸದು.

ಎಣ್ಣೆಯ ಲೆಕ್ಕ ಇಲ್ಲಿ ಮುಖ್ಯ. ಹೊಸ ಕಂಪ್ರೆಸರಿನಲ್ಲಿ ಕಾರ್ಖಾನೆಯಿಂದಲೇ 120 ಮಿಲಿ ಎಣ್ಣೆ ಇತ್ತು. ಅದು ಇಡೀ ಎ.ಸಿ.ಗೆ ಬೇಕಾದಷ್ಟು. ನಾವು ಎಲ್ಲವನ್ನೂ ತೊಳೆದು ಬರಿದು ಮಾಡಿದ್ದರಿಂದ ಅಷ್ಟನ್ನೂ ಉಳಿಸಿದೆ. ತೊಳೆಯದೆ ಬರೀ ಕಂಪ್ರೆಸರ್ ಬದಲಿಸುವ ಸಂದರ್ಭ ಬೇರೆ. ಆಗ ಹಳೆಯದರಿಂದ ಇಳಿಸಿ ಅಳೆಯಬೇಕು. ಅದರಲ್ಲಿ 60 ಬಂದರೆ ಉಳಿದ 60 ಪೈಪುಗಳಲ್ಲೇ ಇದೆ ಎಂದು ಅರ್ಥ. ಹೊಸದರಲ್ಲೂ 60 ಬಿಟ್ಟು ಉಳಿದದ್ದನ್ನು ತೆಗೆಯಬೇಕು. ಡ್ರೈಯರ್ ಬದಲಿಸಿದರೆ ಅದರ ಪಾಲಿಗೆ ಸುಮಾರು 10 ಮಿಲಿ ಸೇರಿಸುತ್ತಾರೆ. ಸರಿಯಾದ ಅಳತೆ ಆಯಾ ಕಾರಿನ ಪುಸ್ತಕದಲ್ಲಿ ಇರುತ್ತದೆ. ಎಣ್ಣೆಯ ಜಾತಿಯೂ ಅದೇ ಆಗಿರಬೇಕು. ಈ ಕಾರಿಗೆ ಪಿಎಜಿ 46. ಪಿಎಜಿ ಎಣ್ಣೆ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಮುಚ್ಚಳ ತೆರೆದಿಟ್ಟ ಡಬ್ಬಿಯ ಎಣ್ಣೆ ಹಾಕಬಾರದು.

ಎಲ್ಲ ಜೋಡಿಸಿದ ಮೇಲೆ 45 ನಿಮಿಷ ವ್ಯಾಕ್ಯೂಮ್ ಹಿಡಿದೆ. ಗಾಳಿ ಪೂರ್ತಿ ತೆಗೆದರೆ ಒಳಗೆ ಉಳಿದ ನೀರು ಮನೆಯ ಬಿಸಿಗೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ಆಮೇಲೆ ಪಂಪು ನಿಲ್ಲಿಸಿ, ಅರ್ಧ ಗಂಟೆ ಮುಳ್ಳು ಅಲ್ಲಾಡುತ್ತದೆಯೇ ಎಂದು ಕಾದೆ. ಅಲ್ಲಾಡಲಿಲ್ಲ, ಸೋರಿಕೆ ಇಲ್ಲ. ಗ್ಯಾಸನ್ನು ಗೇಜು ನೋಡಿ ಅಲ್ಲ, ತಕ್ಕಡಿ ನೋಡಿ 450 ಗ್ರಾಂ ತುಂಬಿದೆ. ಸ್ಟಾರ್ಟ್ ಮಾಡುವ ಮೊದಲು ಕಂಪ್ರೆಸರನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿದೆ. ಒಳಗೆ ನಿಂತ ಎಣ್ಣೆ ಒಮ್ಮೆಗೇ ಪಿಸ್ಟನ್ನಿಗೆ ಸಿಕ್ಕಿದರೆ ಮೊದಲ ನಿಮಿಷದಲ್ಲೇ ಅದು ಮುರಿಯಬಹುದು. ಎ.ಸಿ. ಹಾಕಿದಾಗ ಲೋ ಸೈಡ್ 30, ಹೈ ಸೈಡ್ 165. ಗಾಳಿಕಿಂಡಿಯಲ್ಲಿ 7 ಡಿಗ್ರಿ. ಡ್ರೈಯರಿನ ಎರಡೂ ಪೈಪು ಒಂದೇ ಬಿಸಿ.

ಯಾವುದನ್ನು ನೀವೇ ಮಾಡಬಾರದು ಎಂದೂ ಹೇಳಬೇಕು. ಗ್ಯಾಸಿನ ಪೈಪು ಸಡಿಲಿಸಬೇಡಿ. ಆರ್-134ಎ ಹೊರಗೆ ಬಂದರೆ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ, ಕಣ್ಣಿಗೋ ಬೆರಳಿಗೋ ತಗುಲಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಗೊತ್ತಿದ್ದೂ ಅದನ್ನು ಗಾಳಿಗೆ ಬಿಡುವುದು ನ್ಯೂಜಿಲೆಂಡಿನ ಕಾನೂನಿನಲ್ಲಿ ಅಪರಾಧ, ಏಕೆಂದರೆ ಅದು ಭೂಮಿಯನ್ನು ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಮಾಡುತ್ತದೆ. ಸೋರಿಕೆ ಮುಚ್ಚುತ್ತದೆ ಎಂದು ಮಾರುವ ಅಂಟಿನ ಡಬ್ಬಿಯನ್ನೂ ಹಾಕಬೇಡಿ, ಅದು ಡ್ರೈಯರನ್ನೂ ವಾಲ್ವನ್ನೂ ಕಟ್ಟಬಲ್ಲದು. ನಿಮ್ಮದು ಹೈಬ್ರಿಡ್ ಕಾರಾದರೆ ಇನ್ನೂ ಎಚ್ಚರ ಬೇಕು. ಅವುಗಳಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಬ್ಯಾಟರಿಯ ಹೈ ವೋಲ್ಟೇಜಿನಿಂದ ಓಡುತ್ತದೆ, ಕಿತ್ತಳೆ ಬಣ್ಣದ ವೈರು ಮುಟ್ಟಲೇಬಾರದು. ಅದರ ಎಣ್ಣೆ ಪಿಓಇ ಎಂಬ ಬೇರೆ ಜಾತಿಯದು. ತಪ್ಪಿ ಪಿಎಜಿ ಹಾಕಿದರೆ ಕರೆಂಟು ಹೊರಗೆ ಹರಿಯುವ ಅಪಾಯವಿದೆ.

ಕಂಪ್ರೆಸರ್ ಬದಲಿಸಬೇಕು ಎಂದು ಯಾರಾದರೂ ಹೇಳಿದಾಗ ನಾಲ್ಕು ಪ್ರಶ್ನೆ ಕೇಳಿ. ನನ್ನ ಕಾರಿನಿಂದ ತೆಗೆದ ಗ್ಯಾಸ್ ಎಷ್ಟು ಗ್ರಾಂ ಇತ್ತು? ಹಳೆಯ ಕಂಪ್ರೆಸರಿನಿಂದ ಎಷ್ಟು ಎಣ್ಣೆ ಬಂತು, ಯಾವ ಬಣ್ಣ ಇತ್ತು? ಡ್ರೈಯರ್ ಹೊಸದು ಹಾಕುತ್ತೀರಾ? ವಾಲ್ವಿನ ಬಾಯಿ ನೋಡಿದ್ದೀರಾ? ಉತ್ತರಗಳನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೆಲವು ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರಿನ ಪಕ್ಕದಲ್ಲೇ ಸೇರಿಕೊಂಡಿರುತ್ತದೆ, ಅದನ್ನು ಮುಟ್ಟಿ ನೋಡಲು ಆಗುವುದಿಲ್ಲ. ಅಲ್ಲಿ ಕಾಳಿನ ಚೀಲವನ್ನೋ ಇಡೀ ಕಂಡೆನ್ಸರನ್ನೋ ಬದಲಿಸಬೇಕಾಗುತ್ತದೆ. ಸದ್ದು ಬಂದ ಮೇಲೆ ಎ.ಸಿ. ಹಾಕದೆ ಓಡಿಸಿ. ಗರಗರ ಅನ್ನುವ ಪ್ರತಿ ನಿಮಿಷವೂ ಲೋಹದ ಪುಡಿ ಮುಂದಕ್ಕೆ ಹೋಗುತ್ತಿರುತ್ತದೆ.

ವಾರಂಟ್ ಆಫ್ ಫಿಟ್ನೆಸ್ ಮಾಡುವಾಗ ಎ.ಸಿ. ತಂಪು ಮಾಡುತ್ತದೆಯೇ ಎಂದು ನೋಡುವುದಿಲ್ಲ, ಆದ್ದರಿಂದ ಇದನ್ನು ನಿಮಗೆ ಯಾರೂ ನೆನಪಿಸುವುದಿಲ್ಲ. ಆದರೆ ಜುಲೈ ಮಳೆಯಲ್ಲಿ ನಾಲ್ಕು ಜನ ಕೂತು ಕಿಟಕಿ ಹಾಕಿಕೊಂಡರೆ ಮುಂದಿನ ಗಾಜು ಮಂಜು ಹಿಡಿಯುತ್ತದೆ. ಗಾಳಿಯ ತೇವ ತೆಗೆದು ಅದನ್ನು ಬೇಗ ತಿಳಿ ಮಾಡುವುದು ಎ.ಸಿ.ಯೇ. ಚಳಿಗಾಲದಲ್ಲೂ ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ, ಎಣ್ಣೆ ಓಡಾಡಿ ಕಂಪ್ರೆಸರಿನ ಶಾಫ್ಟಿನ ಸೀಲು ಒಣಗದೆ ಉಳಿಯುತ್ತದೆ.

ನಮ್ಮ ಹುಡುಗ ಆ 15 ಮಿಲಿ ಬೂದಿ ಎಣ್ಣೆಯನ್ನು ಒಂದು ಸಣ್ಣ ಬಾಟಲಿಗೆ ಹಾಕಿಕೊಂಡು ಮನೆಗೆ ಒಯ್ದ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ ನನಗೆ ಫೋನ್ ಮಾಡಿದರು. "ಅಲ್ಲಪ್ಪಾ, ಇಷ್ಟು ಎಣ್ಣೇಲಿ ನಾನು ಒಗ್ಗರಣೆ ಕೂಡ ಹಾಕಲ್ಲ. ಪಾಪ, ಆ ಮಿಷನ್ ಹೇಗೆ ತಿರುಗಬೇಕು?"

ಸರಿಯಾಗೇ ಕೇಳಿದರು.